ಕಾಫಿ ಕಂಪನಿಯ ತೆರಿಗೆ ಲೆಕ್ಕದಲ್ಲಿ 3.77 ಲಕ್ಷ ಎಲ್ಲಿ ಹೋಯಿತು?

ಪ್ರಶ್ನೆ: ಕುಶಾಲನಗರದ ಹತ್ತಿರ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಸ್ವಂತ ತೋಟದ ಕಾಫಿಯನ್ನೇ ಕ್ಯೂರಿಂಗ್ ಮಾಡಿ ಮಾರುತ್ತೇವೆ. ತೆರಿಗೆಗೆ ಮುಂಚಿನ ಲಾಭ 10 ಕೋಟಿ. ಅದರಲ್ಲಿ ಕಾಫಿಯದ್ದು 8 ಕೋಟಿ, ಬ್ಯಾಂಕ್ ಬಡ್ಡಿ 2 ಕೋಟಿ. ಸಿಎಸ್‌ಆರ್ ಖರ್ಚು 20 ಲಕ್ಷ. ಪುಸ್ತಕದಲ್ಲಿ ತೆರಿಗೆ 101.93 ಲಕ್ಷ. ಆದರೆ ಲಾಭದಿಂದ ಶುರುಮಾಡಿ ಆ ತೆರಿಗೆಗೆ ತಾಳೆ ಹಾಕುವ ರಿಕನ್ಸಿಲಿಯೇಶನ್‌ನಲ್ಲಿ 105.70 ಲಕ್ಷ ಬರ್ತಿದೆ. ಉಳಿದ 3.77 ಲಕ್ಷವನ್ನು ‘ಇತರೆ’ ಅಂತ ಹಾಕಿಬಿಡಲಾ ಸರ್?

ಉತ್ತರ: ಬೇಡ. ಆ ಮೊತ್ತ ಎಲ್ಲಿಂದ ಬಂತು ಅಂತ ನಿಮ್ಮ ಅಂಕಿಗಳಲ್ಲೇ ಗೊತ್ತಾಗುತ್ತದೆ.

ಅಂಕಿ ನೋಡಿದರೆ ನಿಮ್ಮದು 22% ದರ ಆರಿಸಿಕೊಂಡ ಕಂಪನಿ. ಸರ್ಚಾರ್ಜ್, ಸೆಸ್ ಸೇರಿ 25.168%. 10 ಕೋಟಿಗೆ 251.68 ಲಕ್ಷ, ಇದು ಮೊದಲ ಸಾಲು. ತಾವೇ ಬೆಳೆದು ಕ್ಯೂರಿಂಗ್ ಮಾಡಿ ಮಾರಿದ ಕಾಫಿಯ ಆದಾಯದಲ್ಲಿ 25% ಮಾತ್ರ ಕೇಂದ್ರದ ತೆರಿಗೆಗೆ ಬರುತ್ತದೆ (ನಿಯಮ 7ಬಿ). ಹಾಗಾಗಿ 8 ಕೋಟಿಯ 75%, ಅಂದರೆ 6 ಕೋಟಿ ಕೃಷಿ ಆದಾಯ. ಅದರ ತೆರಿಗೆ 151.01 ಲಕ್ಷ ಕಳೆಯಿರಿ, 100.67 ಲಕ್ಷ ಉಳಿಯುತ್ತದೆ. ಇಲ್ಲಿವರೆಗೆ ನಿಮ್ಮದು ಸರಿಯೇ ಇದೆ.

ಎಡವಟ್ಟು ಆಗಿರುವುದು ಸಿಎಸ್‌ಆರ್‌ನಲ್ಲಿ. ಈ ಖರ್ಚನ್ನು ತೆರಿಗೆ ಕಾನೂನು ಒಪ್ಪುವುದಿಲ್ಲ, ಹಾಗಾಗಿ ಲಾಭಕ್ಕೆ ವಾಪಸ್ ಸೇರಿಸಬೇಕು. ನೀವು 20 ಲಕ್ಷಕ್ಕೂ ಪೂರ್ತಿ ದರ ಹಾಕಿ 5.03 ಲಕ್ಷ ಕೂಡಿಸಿದ್ದೀರಿ. ಆದರೆ ಆ ಖರ್ಚು ಬಿದ್ದಿರುವುದು ಕಾಫಿ ಲೆಕ್ಕದಲ್ಲಿ ಅಲ್ವಾ? ಹಾಗಾದರೆ ಮೊದಲು ಕಾಫಿ ಆದಾಯ 8.20 ಕೋಟಿ ಆಗುತ್ತದೆ, ಆಮೇಲೆ 25:75 ಭಾಗ ಆಗುತ್ತದೆ. ಅಂದರೆ 20 ಲಕ್ಷದಲ್ಲಿ ತೆರಿಗೆಗೆ ಬರುವುದು 5 ಲಕ್ಷ ಮಾತ್ರ, ತೆರಿಗೆ 1.26 ಲಕ್ಷ. 5.03ರಿಂದ 1.26 ಕಳೆದರೆ ನಿಮ್ಮ 3.77 ಸಿಕ್ಕಿತು. ಈಗ ಒಟ್ಟು 101.93 ಲಕ್ಷ, ಎಫೆಕ್ಟಿವ್ ರೇಟ್ 10.19%.

ಪಲ್ಪರ್, ಡ್ರೈಯರ್‌ಗಳ ಸವಕಳಿ ಪುಸ್ತಕದಲ್ಲೊಂದು, ತೆರಿಗೆಯಲ್ಲೊಂದು ಇರುತ್ತದೆ. ಅದಕ್ಕೆ ಇಲ್ಲಿ ಸಾಲು ಬೇಡ. ಈ ವರ್ಷ ಉಳಿದ ತೆರಿಗೆ, ಮುಂದೆ ಕಟ್ಟಬೇಕಾದ ಡಿಫರ್ಡ್ ಟ್ಯಾಕ್ಸ್ ಆಗಿ ಅದೇ ಒಟ್ಟು ಮೊತ್ತಕ್ಕೆ ಸೇರುತ್ತದೆ. ಆದರೆ ಕಾಫಿಗೆ ಬಳಸುವ ಯಂತ್ರಕ್ಕೆ ಡಿಫರ್ಡ್ ಟ್ಯಾಕ್ಸನ್ನು 25.168% ದರದಲ್ಲಿ ಹಾಕಬೇಡಿ. ಅದರ ಕಾಲು ಭಾಗ, 6.292% ಸಾಕು. ಪೂರ್ತಿ ದರ ಹಾಕಿದರೆ ಮತ್ತೆ ತಾಳೆಯಾಗುವುದಿಲ್ಲ.

ನಮ್ಮ ಕಡೆಯ ಇನ್ನೆರಡು ವಿಚಾರ ನೋಡಿಕೊಳ್ಳಿ. ತೋಟದ ಮರಗಳಿಗೆ ಹಬ್ಬಿಸಿದ ಕಾಳುಮೆಣಸಿನ ಲಾಭ ಪೂರ್ತಿ ಕೃಷಿ ಆದಾಯ, 75% ಅಲ್ಲ. ಅಕ್ಕಪಕ್ಕದ ಬೆಳೆಗಾರರಿಂದ ಕಾಫಿ ಕೊಂಡು ಕ್ಯೂರಿಂಗ್ ಮಾಡಿ ಮಾರಿದ್ದರೆ ಆ ಲಾಭಕ್ಕೆ ಪೂರ್ತಿ ತೆರಿಗೆ. ಇವನ್ನೆಲ್ಲ ‘ಕಾಫಿ’ ಅಂತ ಒಂದೇ ಖಾತೆಯಲ್ಲಿ ಬರೆದರೆ ಮುಂದಿನ ಮಾರ್ಚ್‌ನಲ್ಲಿ ಆಡಿಟರ್ ಕೇಳುವ ಮೊದಲ ಪ್ರಶ್ನೆ ಇದೇ.