‘ಸರ್, ಡೌಟ್ ಇದೆ’ ಎಂದರೆ ಜರ್ಮನಿಯ ತರಗತಿಗೆ ಕೇಳಿಸುವುದೇನು?

ಪ್ರಶ್ನೆ: ನಾನು ಆಲೂರು ತಾಲ್ಲೂಕಿನವನು. ಹಾಸನದಲ್ಲಿ ಇಂಜಿನಿಯರಿಂಗ್ ಮುಗಿಸಿ, ಎಂ.ಎಸ್. ಓದಲು ಅಕ್ಟೋಬರಿನಲ್ಲಿ ಜರ್ಮನಿಗೆ ಬಂದು ಏಳು ವಾರವಾಯಿತು. ಪಾಠ ಇಂಗ್ಲಿಷಿನಲ್ಲೇ ಇದ್ದರೂ ತರಗತಿಯಲ್ಲಿ ಬಾಯಿ ತೆರೆಯಲಾಗುತ್ತಿಲ್ಲ. ಒಮ್ಮೆ ಡೌಟ್ ಇದೆ ಎಂದಾಗ ಪ್ರೊಫೆಸರ್ ಹುಬ್ಬು ಗಂಟಿಕ್ಕಿ ನನಗೇ ತಿರುಗಿ ಪ್ರಶ್ನೆ ಹಾಕಿದರು. ಅಂದಿನಿಂದ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಬ್ರೆಡ್ಡು, ನೂಡಲ್ಸ್ ಬಿಟ್ಟರೆ ಊಟವಿಲ್ಲ. ರಾತ್ರಿ ಎಂಟಕ್ಕೆ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದರೆ ಇಡುವಾಗ ಹತ್ತಾಗುತ್ತದೆ, ಆಮೇಲೆ ನಿದ್ದೆ ಬರುವುದಿಲ್ಲ. ಬಿಟ್ಟು ಬಂದುಬಿಡಲೇ?

ಉತ್ತರ: ಮನೆಯ ನೆನಪಿನ ಮಾತನ್ನು ಆಮೇಲೆ ಎತ್ತಿಕೊಂಡು, ಮೊದಲು ತರಗತಿಯ ವಿಷಯಕ್ಕೆ ಬರುತ್ತೇನೆ. ಹಾಸನ, ಚಿಕ್ಕಮಗಳೂರು ಕಡೆಯಿಂದ ಹೊರದೇಶಕ್ಕೆ ಹೋದ ವಿದ್ಯಾರ್ಥಿಗಳೊಡನೆ ಆಪ್ತಸಮಾಲೋಚಕಿಯಾಗಿ ಮಾತನಾಡುತ್ತ ಬಂದ ನಾನು ಗಮನಿಸಿದಂತೆ, ಮನೆಯ ನೆನಪು ಅತಿ ಹೆಚ್ಚು ಕಾಡುವುದು ಬೆಳಗಿನಿಂದ ಸಂಜೆಯವರೆಗೆ ಯಾರೊಂದಿಗೂ ನಾಲ್ಕು ಮಾತು ಆಡದೆ ಕೋಣೆಗೆ ಮರಳಿದ ದಿನ. ಆದ್ದರಿಂದ ಹಿಂದಿನ ಸಾಲಿನಲ್ಲಿ ಕೂರುವುದು ಮತ್ತು ನಿದ್ದೆಗೆಡುವುದು ಎರಡು ಬೇರೆ ಬೇರೆ ತೊಂದರೆಗಳಲ್ಲ.

ನಮ್ಮ ಕಾಲೇಜುಗಳಲ್ಲಿ ‘ಡೌಟ್’ ಎಂದರೆ ಅರ್ಥವಾಗದ ಸಂಗತಿ. ಅಲ್ಲಿನವರು ಬಳಸುವ ಇಂಗ್ಲಿಷಿನಲ್ಲಿ ಆ ಪದಕ್ಕೆ ಶಂಕೆ, ಅಪನಂಬಿಕೆ ಎಂಬುದೇ ಅರ್ಥ. ‘ಐ ಹ್ಯಾವ್ ಎ ಡೌಟ್’ ಎಂದು ನೀವು ವಿನಯದಿಂದ ಹೇಳಿದ್ದು, ‘ನೀವು ಹೇಳಿದ್ದು ಸರಿಯೆಂದು ನನಗೆ ತೋರುತ್ತಿಲ್ಲ’ ಎಂಬಂತೆ ಅವರಿಗೆ ಕೇಳಿಸಿರುವ ಸಾಧ್ಯತೆ ಹೆಚ್ಚು. ವಿದ್ಯಾರ್ಥಿ ಹೀಗೆ ಆಕ್ಷೇಪಿಸುವುದು ಅಲ್ಲಿ ಅಪರಾಧವಲ್ಲ, ಅದಕ್ಕೆ ಕಾರಣ ಕೇಳುವುದು ರೂಢಿ. ಪ್ರೊಫೆಸರ್ ಹುಬ್ಬು ಗಂಟಿಕ್ಕಿದ್ದು ತಪ್ಪು ಎಲ್ಲಿರಬಹುದೆಂದು ಯೋಚಿಸುವುದಕ್ಕಾಗಿಯೇ ಇರಬಹುದು. ನಾನು ಅಲ್ಲಿ ಓದುತ್ತಿದ್ದಾಗ ಮೊದಲ ಸೆಮಿಸ್ಟರಿನಲ್ಲಿ ಇದೇ ಮಾತನ್ನು ಆಡಿದ್ದೆ. ಬೋರ್ಡಿನ ಮೇಲಿದ್ದ ಒಂದು ಚಿಹ್ನೆ ಏನೆಂದು ತಿಳಿದುಕೊಳ್ಳುವುದಷ್ಟೇ ನನ್ನ ಉದ್ದೇಶವಾಗಿತ್ತು. ಆದರೆ ಆ ಹಿರಿಯರು ಸೀಮೆಸುಣ್ಣ ಹಿಡಿದು ಇಡೀ ಲೆಕ್ಕವನ್ನು ಮೊದಲಿನಿಂದ ಪರಿಶೀಲಿಸಿ, ಕೊನೆಗೆ ‘ತಪ್ಪು ಸಿಗಲಿಲ್ಲವಲ್ಲ, ನಿಮಗೆಲ್ಲಿ ಕಾಣುತ್ತಿದೆ?’ ಎಂದು ನನ್ನನ್ನೇ ಕೇಳಿದರು. ಇನ್ನು ಮುಂದೆ ‘ಡೌಟ್’ ಬಿಟ್ಟು ‘ಕ್ವೆಶ್ಚನ್’ ಎನ್ನಿ. ಹಾಗೆಯೇ ನಾವು ‘ಹೂಂ’ ಎನ್ನುವ ಬದಲು ತಲೆಯನ್ನು ಪಕ್ಕಕ್ಕೆ ಓಲಾಡಿಸುತ್ತೇವಲ್ಲ, ಅದು ಅವರಿಗೆ ‘ಇಲ್ಲ’ ಎಂತಲೋ ‘ಗೊತ್ತಿಲ್ಲ’ ಎಂತಲೋ ಕಾಣುತ್ತದೆ. ‘ಅರ್ಥವಾಯಿತೆ?’ ಎಂದು ಕೇಳಿದಾಗ ತಲೆಯಾಡಿಸಿ ಸುಮ್ಮನಾಗದೆ ‘ಯೆಸ್’ ಅಥವಾ ‘ನಾಟ್ ಯೆಟ್’ ಎಂದು ಬಾಯಲ್ಲಿ ಹೇಳಿ.

ತಿರುಗಿ ಪ್ರಶ್ನೆ ಬರುವುದು ಮಾತ್ರ ಪದ ಬದಲಿಸಿದರೂ ನಿಲ್ಲುವುದಿಲ್ಲ. ಮೂಡಿಗೆರೆ ಕಡೆಯ ಒಬ್ಬ ಹುಡುಗಿ ಇದನ್ನು ಹೇಗೆ ನಿಭಾಯಿಸಿದಳು ಎಂಬುದನ್ನು ತುಸು ವಿವರವಾಗಿ ಹೇಳುತ್ತೇನೆ. ಅವಳ ಸೆಮಿನಾರಿನಲ್ಲಿ ಹದಿನಾಲ್ಕು ಜನರಿದ್ದರು. ಪ್ರತಿ ವಾರ ಒಂದು ಸಂಶೋಧನಾ ಲೇಖನ ಓದಿ ಬಂದು ಚರ್ಚಿಸಬೇಕಿತ್ತು. ಮೊದಲ ಸಲ ಅವಳು ಒಂದು ಪದದ ಅರ್ಥ ಕೇಳಿದಳು. ‘ನಿನಗೇನು ಅನಿಸುತ್ತದೆ?’ ಎಂದು ಉಪನ್ಯಾಸಕಿ ಕೇಳಿದ ಕೂಡಲೆ ಅವಳಿಗೆ ಏನೂ ತೋಚದೆ ಕಣ್ಣಲ್ಲಿ ನೀರು ಬಂತು. ನಮ್ಮಲ್ಲಿ ಆ ಮಾತಿಗೆ ‘ಓದಿಕೊಂಡು ಬರಬಾರದಿತ್ತೆ?’ ಎಂಬ ಗದರಿಕೆಯ ಅರ್ಥವಿರುತ್ತದೆ, ಅಲ್ಲಿ ಆ ಅರ್ಥವಿಲ್ಲ. ಮುಂದಿನ ವಾರ ಅವಳು ಹಿಂದಿನ ರಾತ್ರಿಯೇ ಚೀಟಿಯೊಂದರಲ್ಲಿ ಎರಡು ವಾಕ್ಯ ಬರೆದುಕೊಂಡಳು: ಮೊದಲನೆಯದು ಪ್ರಶ್ನೆ, ಎರಡನೆಯದು ‘ಇದು ಹೀಗಿರಬಹುದೆಂದು ನನ್ನ ಊಹೆ, ಏಕೆಂದರೆ...’ ಎಂಬ ಅವಳದೇ ಉತ್ತರ. ಊಹೆ ತಪ್ಪಾಗಿತ್ತು. ಆದರೂ ಚರ್ಚೆ ಹತ್ತು ನಿಮಿಷ ಆ ಊಹೆಯ ಸುತ್ತಲೇ ನಡೆಯಿತು, ತರಗತಿ ಮುಗಿದ ಮೇಲೆ ಇಬ್ಬರು ಅವಳ ಹೆಸರು ಕೇಳಿದರು.

ಆ ಚೀಟಿಯನ್ನು ಬಳಸಿದ ಹೊತ್ತೂ ಮುಖ್ಯ. ಚರ್ಚೆ ಕಾವೇರಿದ ಮೇಲೆ ಮಾತು ವೇಗವಾಗುತ್ತದೆ, ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುತ್ತ ಕುಳಿತವರಿಗೆ ಒಳಹೊಗಲು ಸಂದು ಸಿಗುವುದಿಲ್ಲ. ಆದಕಾರಣ ಅವಳು ಮೊದಲ ಹದಿನೈದು ನಿಮಿಷದೊಳಗೇ ಕೈ ಎತ್ತುತ್ತಿದ್ದಳು. ನೀವು ಎರಡನೆಯ ಸಾಲಿಗೆ ಬನ್ನಿ. ನಿಮ್ಮ ವೇಳಾಪಟ್ಟಿಯಲ್ಲಿ ಸಮಯದ ಮುಂದೆ c.t. ಎಂದಿದ್ದರೆ ತರಗತಿ ಕಾಲು ಗಂಟೆ ತಡವಾಗಿ, ಹತ್ತು ಎಂದಿದ್ದರೆ ಹತ್ತೂ ಕಾಲಿಗೆ, ಆರಂಭವಾಗುತ್ತದೆ. ಆ ಕಾಲು ಗಂಟೆಯಲ್ಲಿ ಪಕ್ಕದವರೊಡನೆ ಆಡಿದ ನಾಲ್ಕು ಮಾತು, ಆಮೇಲೆ ಎಲ್ಲರೆದುರು ಬಾಯಿ ತೆರೆಯಲು ಗಂಟಲನ್ನು ಸಡಿಲಗೊಳಿಸುತ್ತದೆ. ತರಗತಿಯಲ್ಲಿ ಆಗದೇ ಹೋದುದಕ್ಕೆ ಪ್ರೊಫೆಸರರ ಭೇಟಿಯ ಅವಧಿ ಇರುತ್ತದೆ. ಮುಂಚಿತವಾಗಿ ಎರಡು ಸಾಲಿನ ಇ-ಮೇಲ್ ಬರೆದು ಹೋಗಿ. ‘ಸರ್’ ಎಂದು ಬರೆಯುವ ರೂಢಿ ಅಲ್ಲಿಲ್ಲ. ‘ಪ್ರೊಫೆಸರ್’ ಎಂದು ಬರೆದು ಮುಂದೆ ಅವರ ಮನೆತನದ ಹೆಸರು ಸೇರಿಸಿದರೆ ಸಾಕು.

ಗುಂಪಿನ ಕೆಲಸ ಮುಗಿದೊಡನೆ ಸಹಪಾಠಿಗಳು ಜರ್ಮನ್ ಮಾತಿಗೆ ಜಾರುವುದನ್ನು ನೀವು ನೋಡಿರುತ್ತೀರಿ. ಸಕಲೇಶಪುರದ ಬಸ್ಸಿನಲ್ಲಿ ಉತ್ತರ ಭಾರತದ ಸ್ನೇಹಿತನೊಬ್ಬ ಜೊತೆಗಿದ್ದರೂ ನಾವು ಕನ್ನಡಕ್ಕೆ ಜಾರುವಂತೆಯೇ ಅದು. ದೂರವಿಡುವ ಉದ್ದೇಶ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಂಗ್ಲಿಷಿನಲ್ಲಿ ಮಾತನಾಡೋಣವೇ ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನೀವು ಎಚ್ಚರ ವಹಿಸಬೇಕಾದದ್ದು ಬೇರೊಂದು ಕಡೆ. ಮಧ್ಯಾಹ್ನ ಅವರು ‘ಮೆನ್ಸಾಗೆ ಬರುತ್ತೀಯಾ?’ ಎಂದು ಕೇಳುತ್ತಾರೆ. ಮೆನ್ಸಾ ಎಂದರೆ ವಿದ್ಯಾರ್ಥಿಗಳ ಕ್ಯಾಂಟೀನು. ನಮ್ಮ ಮಲೆನಾಡಿನ ಮನೆಗಳಲ್ಲಿ ಮೊದಲ ಸಲ ಕರೆದಾಗ ‘ಬೇಡ, ಈಗಷ್ಟೇ ಆಯಿತು’ ಎನ್ನುವುದು ಮರ್ಯಾದೆ, ಮೂರು ಸಲ ಒತ್ತಾಯಿಸುವುದು ಕರೆದವರ ಮರ್ಯಾದೆ. ಅಲ್ಲಿ ಒಮ್ಮೆ ‘ಬೇಡ’ ಎಂದರೆ ಅದನ್ನು ಗೌರವಿಸಿ ಎದ್ದು ಹೋಗಿಬಿಡುತ್ತಾರೆ. ಎರಡು ಮೂರು ಸಲ ಹಾಗಾದರೆ ಕರೆಯುವುದನ್ನೇ ಬಿಡುತ್ತಾರೆ. ಹಸಿವಿಲ್ಲದಿದ್ದರೂ ಮೊದಲ ಕರೆಗೇ ಹೋಗಿ, ಒಂದು ಕಾಫಿ ಹಿಡಿದು ಕುಳಿತುಕೊಳ್ಳಿ. ಕಾಫಿ ನಮ್ಮ ಜಿಲ್ಲೆಯವರಿಗೆ ಹಿಡಿಸುವಂತಿರುವುದಿಲ್ಲ, ಅದು ಬೇರೆ ಮಾತು.

ಊಟದ ವಿಷಯದಲ್ಲಿ, ದಿನವೂ ಮನೆಯ ಅಡುಗೆಯನ್ನೇ ಮಾಡುತ್ತೇನೆಂದು ಹೊರಟವರು ಬಹುಮಟ್ಟಿಗೆ ಮೂರನೆಯ ವಾರಕ್ಕೆ ಸೋತು ನೂಡಲ್ಸಿಗೆ ಮರಳುತ್ತಾರೆ. ಮಧ್ಯಾಹ್ನ ಮೆನ್ಸಾದಲ್ಲಿ ಉಂಡು, ವಾರದಲ್ಲಿ ಎರಡು ರಾತ್ರಿ ಮಾತ್ರ ಸರಿಯಾಗಿ ಅಡುಗೆ ಮಾಡುವುದು ನಡೆಯುವ ಲೆಕ್ಕ. ತುಪ್ಪ ಕಳಿಸಲು ಅಮ್ಮನಿಗೆ ಹೇಳಬೇಡಿ. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಭಾರತದಿಂದ ಐರೋಪ್ಯ ಒಕ್ಕೂಟದೊಳಗೆ ತರುವುದಕ್ಕಾಗಲಿ, ಪಾರ್ಸೆಲ್‌ನಲ್ಲಿ ತರಿಸಿಕೊಳ್ಳುವುದಕ್ಕಾಗಲಿ ಅವಕಾಶವಿಲ್ಲ. ಸಿಕ್ಕಿದರೆ ಸುಂಕದವರು ತೆಗೆದುಬಿಡುತ್ತಾರೆ. ಅಲ್ಲಿನ 250 ಗ್ರಾಂ ಬೆಣ್ಣೆಯ ಪೊಟ್ಟಣದಿಂದ ಸುಮಾರು 200 ಗ್ರಾಂ ತುಪ್ಪ ಬರುತ್ತದೆ. ಪೊಟ್ಟಣದ ಮೇಲೆ ‘ಸೌವರ್‌ರಾಮ್‌ಬುಟರ್’ ಎಂದಿರುವುದನ್ನು ಆರಿಸಿ, ಅದು ಹೆಪ್ಪಿಟ್ಟ ಕೆನೆಯಿಂದ ತೆಗೆದ ಬೆಣ್ಣೆಯಾದ್ದರಿಂದ ಕಾಯಿಸಿದಾಗ ಮನೆಯ ಘಮ ಬರುತ್ತದೆ. ಅನ್ನಕ್ಕೆಂದು ‘ಮಿಲ್ಶ್‌ರೈಸ್’ ತರಬೇಡಿ. ಅದು ಪಾಯಸದ ಗುಂಡಕ್ಕಿ, ಬೇಯಿಸಿದರೆ ಮುದ್ದೆಯಾಗುತ್ತದೆ.

ಅಕ್ಕಿರೊಟ್ಟಿ ಮಾತ್ರ ಅಲ್ಲಿ ಅಚ್ಚುಕಟ್ಟಾಗಿ ಆಗುತ್ತದೆ, ಏಕೆಂದರೆ ಸಬ್ಬಸಿಗೆ ಸೊಪ್ಪು ಜರ್ಮನರಿಗೂ ಪ್ರಿಯವಾದದ್ದು. ‘ಡಿಲ್’ ಎಂಬ ಹೆಸರಿನಲ್ಲಿ ಸಾಧಾರಣ ಅಂಗಡಿಯಲ್ಲೇ ಸಿಗುತ್ತದೆ. ಏಷ್ಯಾದ ಅಂಗಡಿಯಲ್ಲಿ ಅಕ್ಕಿಹಿಟ್ಟು ಕೊಳ್ಳುವಾಗ ಅಂಟಕ್ಕಿಯ ಹಿಟ್ಟನ್ನು ತರದಂತೆ ನೋಡಿಕೊಳ್ಳಿ. ಪೊಟ್ಟಣದ ಮೇಲೆ ‘ಗ್ಲೂಟಿನಸ್’ ಎಂದಿದ್ದರೆ ರೊಟ್ಟಿ ಕಾವಲಿಗೆ ಅಂಟಿಕೊಂಡು ಕೀಳುವುದೇ ಇಲ್ಲ. ಎರಡು ಲೋಟ ಹಿಟ್ಟಿಗೆ ತುರಿದ ಕ್ಯಾರೆಟ್, ಈರುಳ್ಳಿ, ಸಬ್ಬಸಿಗೆ, ಉಪ್ಪು ಹಾಕಿ, ಬಿಸಿನೀರನ್ನು ಸ್ವಲ್ಪಸ್ವಲ್ಪವೇ ಬೆರೆಸಿ ನಾದಿ, ತಣ್ಣಗಿನ ಕಾವಲಿಯ ಮೇಲೆ ತಟ್ಟಿ ಆಮೇಲೆ ಒಲೆ ಹಚ್ಚಿ. ಒಣಮೆಣಸಿನಕಾಯಿಯ ಒಗ್ಗರಣೆಗೆ ಹೊಗೆ ಎಚ್ಚರಿಕೆಯ ಯಂತ್ರ ಕೂಗಿಕೊಳ್ಳಬಹುದು, ಆದ್ದರಿಂದ ಸಣ್ಣ ಉರಿಯಲ್ಲಿ, ಕಿಟಕಿ ತೆರೆದು ಮಾಡಿ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಸಾಮಾನು ತಂದಿಡಿ. ಮನೆ ಅತಿ ಹೆಚ್ಚು ನೆನಪಾಗುವ ದಿನ ಭಾನುವಾರವೇ. ಎರಡು ರೊಟ್ಟಿ ಹೆಚ್ಚಾಗಿ ಮಾಡಿ, ಹಂಚಿಕೊಂಡ ಅಡುಗೆಮನೆಯಲ್ಲಿ ಯಾರಿರುತ್ತಾರೋ ಅವರ ಮುಂದಿಡಿ.

ಇನ್ನು ಆ ಫೋನು. ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ ನಿಮಗೂ ಆಲೂರಿಗೂ ನಾಲ್ಕೂವರೆ ಗಂಟೆಯ ಅಂತರವಿದೆ. ನೀವು ಎಂಟಕ್ಕೆ ಕರೆದಾಗ ಅಮ್ಮನಿಗೆ ಮಧ್ಯರಾತ್ರಿ ಹನ್ನೆರಡೂವರೆ, ಇಡುವಾಗ ಎರಡೂವರೆ. ಅವರು ನಿದ್ದೆಗೆಟ್ಟು ಕುಳಿತಿರುತ್ತಾರೆ, ನೀವು ಇಬ್ಬರ ದುಗುಡವನ್ನೂ ಹೊತ್ತು ಮಲಗುತ್ತೀರಿ. ಕರೆಯನ್ನು ಸಂಜೆ ನಾಲ್ಕೂವರೆಗೆ ತನ್ನಿ. ಅಮ್ಮನಿಗೆ ಆಗ ರಾತ್ರಿ ಒಂಬತ್ತು, ಊಟವಾಗಿರುತ್ತದೆ. ನಿಮ್ಮಲ್ಲಿ ನವೆಂಬರಿನ ಕತ್ತಲು ಕವಿಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಒಂಟಿತನ ಏಳುವ ಹೊತ್ತೂ ಅದೇ. ಇಪ್ಪತ್ತು ನಿಮಿಷ ಸಾಕು. ‘ಏನು ತಿಂದೆ?’ ಎಂಬ ಪ್ರಶ್ನೆಗೆ ಅಂದು ಯಾರೊಂದಿಗೆ ತಿಂದಿರಿ ಎಂಬುದನ್ನೂ ಸೇರಿಸಿ ಹೇಳಿ. ಕರೆ ಮುಗಿದ ಮೇಲೆ ಕೋಣೆಯಲ್ಲಿ ಕೂರದೆ ಗ್ರಂಥಾಲಯಕ್ಕೋ ಅಂಗಡಿಗೋ ಹೊರಡಿ.

ಮನೆಯ ನೆನಪು ಅಲೆಯಂತೆ ಬಂದು ಹೋಗುತ್ತದೆ, ಕೆಲಸದಲ್ಲಿ ತೊಡಗಿದಾಗ ಮರೆಯಾಗುತ್ತದೆ. ಹಾಗಲ್ಲದೆ ಎರಡು ವಾರ ಎಡೆಬಿಡದೆ ಮನಸ್ಸು ಕುಗ್ಗಿದ್ದು, ನಿದ್ದೆ ಹಸಿವು ಕೆಟ್ಟು, ಇಷ್ಟವಾಗುತ್ತಿದ್ದ ಯಾವುದೂ ರುಚಿಸದೆ, ತರಗತಿಗೆ ಹೋಗುವುದೇ ನಿಂತರೆ ಅದು ಚಿಕಿತ್ಸೆ ಬೇಕಾದ ಖಿನ್ನತೆಯಾಗಿರಬಹುದು. ನಮ್ಮಲ್ಲಿ ಹಾಜರಾತಿ ಕಡಿಮೆಯಾದರೆ ಕಾಲೇಜಿನಿಂದ ಮನೆಗೆ ಫೋನು ಬರುತ್ತದೆ. ಅಲ್ಲಿ ಹೆಚ್ಚಿನ ಉಪನ್ಯಾಸಗಳಿಗೆ ಹಾಜರಿ ಕಡ್ಡಾಯವಿಲ್ಲದಿರುವುದರಿಂದ ನೀವು ಬಾರದಿದ್ದುದು ಯಾರ ಗಮನಕ್ಕೂ ಬರುವುದಿಲ್ಲ. ಹಾಗಾಗಿ ನೀವೇ ಹೋಗಬೇಕು. ಮೆನ್ಸಾ ನಡೆಸುವ ವಿದ್ಯಾರ್ಥಿ ಸೇವಾ ಸಂಸ್ಥೆಯೇ, ಅಂದರೆ ಷ್ಟುಡೀರೆಂಡನ್‌ವೆರ್ಕ್, ಬಹುತೇಕ ಊರುಗಳಲ್ಲಿ ಆಪ್ತಸಮಾಲೋಚನೆಯನ್ನೂ ಒದಗಿಸುತ್ತದೆ. ಬದುಕುವುದೇ ಬೇಡವೆನ್ನಿಸಿದರೆ ಒಂದು ಗಳಿಗೆಯೂ ಕಾಯದೆ 112ಕ್ಕೆ ಕರೆ ಮಾಡಿ.

ಬಿಟ್ಟು ಬರುವ ಪ್ರಶ್ನೆಯನ್ನು ಫೆಬ್ರವರಿಯ ಪರೀಕ್ಷೆಗಳು ಮುಗಿಯುವವರೆಗೆ ಮುಂದೂಡಿ ಎಂಬುದು ನನ್ನ ಸಲಹೆ. ಅಲ್ಲಿಯವರೆಗೆ ಒಂದು ಕೆಲಸ ಬಾಕಿ ಇರಬಹುದು. ಕೋರ್ಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ದಾಖಲಾಗುವುದಿಲ್ಲ, ಅದಕ್ಕೆ ಪೋರ್ಟಲಿನಲ್ಲಿ ಬೇರೆಯೇ ನೋಂದಣಿ ಇರುತ್ತದೆ. ಗಡುವು ಯಾವ ದಿನಕ್ಕೆಂದು ಈ ವಾರವೇ ನೋಡಿ, ಗೊತ್ತಾಗದಿದ್ದರೆ ಎರಡನೆಯ ಸಾಲಿನಲ್ಲಿ ಪಕ್ಕಕ್ಕೆ ಕುಳಿತವರನ್ನು ಕೇಳಿ.