ಮಷೀನ್, ಇನ್‌ಸ್ಟಾಲೇಷನ್, ಎಎಂಸಿ ಒಂದೇ ಪಿಒದಲ್ಲಿದ್ದರೆ ಆದಾಯ ಹಂಚುವುದು ಹೇಗೆ?

ಪ್ರಶ್ನೆ: ನಮ್ಮ ಕಂಪನಿ ಒಂದು ಫ್ಯಾಕ್ಟರಿಗೆ ಆರ್‌ಒ ಪ್ಲಾಂಟ್ ಮಾರಿದೆ. ಪಿಒದಲ್ಲಿ ಪ್ಲಾಂಟ್ 9,60,000, ಇನ್‌ಸ್ಟಾಲೇಷನ್ ಫ್ರೀ, 2 ವರ್ಷದ ಎಎಂಸಿ 60,000 ಅಂತ ಇದೆ. ಜನವರಿ 1ಕ್ಕೆ ಕೆಲಸ ಮುಗಿಸಿ ಪೂರ್ತಿ ಬಿಲ್ ಮಾಡಿದ್ದೇವೆ. ಪಿಒದಲ್ಲಿ ಇರುವ ಹಾಗೇ ಆದಾಯ ತೋರಿಸಿದರೆ ಸಾಕಾ? ನಾವು ಇಂಡ್ ಎಎಸ್ ಕಂಪನಿ.

ಸಾಲದು. ಪಿಒದಲ್ಲಿ ಯಾವುದರ ಮುಂದೆ ಎಷ್ಟು ಬರೆದಿದೆ ಅನ್ನೋದು ಸೇಲ್ಸ್‌ನವರು ಮತ್ತು ಗಿರಾಕಿ ಚೌಕಾಸಿ ಮಾಡಿಕೊಂಡ ಲೆಕ್ಕ ಅಷ್ಟೇ. ಇಂಡ್ ಎಎಸ್ 115ಕ್ಕೆ ಬೇಕಿರುವುದು ಬೇರೆ: ಪ್ರತಿಯೊಂದನ್ನೂ ಬಿಡಿಯಾಗಿ ಮಾರಿದ್ದರೆ ಎಷ್ಟು ಸಿಗುತ್ತಿತ್ತು, ಅಂದರೆ ಸ್ಟ್ಯಾಂಡ್‌ಅಲೋನ್ ಸೆಲ್ಲಿಂಗ್ ಪ್ರೈಸ್.

ಮೊದಲು ಎಷ್ಟು ಬೇರೆ ಬೇರೆ ಕೆಲಸ ಒಪ್ಪಿಕೊಂಡಿದ್ದೀರಿ ನೋಡಿ. ಇನ್‌ಸ್ಟಾಲೇಷನ್ ಅನ್ನು ಹೊರಗಿನ ಟೆಕ್ನಿಷಿಯನ್ ಕೂಡ ಮಾಡಬಹುದಾಗಿದ್ದರೆ, ಪ್ಲಾಂಟ್ ಅನ್ನೇ ಹೆಚ್ಚುಕಡಿಮೆ ಬದಲಾಯಿಸುವಂಥ ಕೆಲಸ ಅಲ್ಲದಿದ್ದರೆ, ಅದು ಪ್ರತ್ಯೇಕ. ಫ್ರೀ ಅಂತ ಬರೆದ ಮಾತ್ರಕ್ಕೆ ಅದು ಮಾಯವಾಗುವುದಿಲ್ಲ. ಹಾಗಾಗಿ ನಿಮ್ಮಲ್ಲಿ ಮೂರಿದೆ ಅಂದುಕೊಳ್ಳೋಣ. ಹಂಚಬೇಕಾದ ಮೊತ್ತ 10,20,000. ಜಿಎಸ್‌ಟಿ ಇದರಲ್ಲಿ ಸೇರುವುದಿಲ್ಲ, ಅದು ಸರ್ಕಾರದ ಪರವಾಗಿ ವಸೂಲಿ ಮಾಡಿದ ದುಡ್ಡು.

ನಿಜವಾದ ತಲೆನೋವು ಬಿಡಿ ಬೆಲೆ ಹುಡುಕುವುದರಲ್ಲಿದೆ. ಪ್ಲಾಂಟ್ ಮಾತ್ರ ಕೊಂಡ ಗಿರಾಕಿಗಳ ಹಳೇ ಬಿಲ್ ತೆಗೆಯಿರಿ, 9,00,000 ಬಂತು ಅಂತಿಟ್ಟುಕೊಳ್ಳಿ. ಎಎಂಸಿಗೆ ರಿನ್ಯೂವಲ್ ಬಿಲ್‌ಗಳೇ ಒಳ್ಳೆಯ ಸಾಕ್ಷಿ, ಯಾಕಂದ್ರೆ ಅಲ್ಲಿ ಪ್ಲಾಂಟ್ ಜೊತೆಗಿರುವುದಿಲ್ಲ: ವರ್ಷಕ್ಕೆ 1,20,000, ಎರಡು ವರ್ಷಕ್ಕೆ 2,40,000. ಇನ್‌ಸ್ಟಾಲೇಷನ್ ಬಿಡಿಯಾಗಿ ಮಾರಿದ್ದೇ ಇಲ್ಲ ಅಂದರೆ ಖರ್ಚಿನ ಮೇಲೆ ಮಾರ್ಜಿನ್ ಸೇರಿಸಿ ಅಂದಾಜು ಮಾಡಿ. ಕೂಲಿ, ಪೈಪ್, ಓಡಾಟ ಸೇರಿ 45,000, ಮಾರ್ಜಿನ್ 15,000, ಒಟ್ಟು 60,000. ಉಳಿದದ್ದೆಲ್ಲ ಎಎಂಸಿಗೆ ಅಂತ ಕಳೆದು ಹಾಕುವ ರೆಸಿಡ್ಯುಯಲ್ ವಿಧಾನವನ್ನು ಸುಮ್ನೆ ಸುಲಭ ಅಂತ ಹಿಡಿಯಬೇಡಿ. ಬೆಲೆ ಗಿರಾಕಿಯಿಂದ ಗಿರಾಕಿಗೆ ವಿಪರೀತ ಬದಲಾಗುತ್ತಿದ್ದರೆ, ಅಥವಾ ಇನ್ನೂ ಬೆಲೆಯೇ ಕಟ್ಟಿಲ್ಲದ, ಬಿಡಿಯಾಗಿ ಮಾರಿಯೇ ಇಲ್ಲದ ವಸ್ತುವಾದರೆ ಮಾತ್ರ ಅದಕ್ಕೆ ಅವಕಾಶ.

ಈಗ ಲೆಕ್ಕ ಸಲೀಸು. ಬಿಡಿ ಬೆಲೆಗಳ ಮೊತ್ತ 12,00,000, ಒಪ್ಪಿದ ಬೆಲೆ 10,20,000, ಅಂದರೆ ಎಲ್ಲದಕ್ಕೂ 85%. ಪ್ಲಾಂಟ್‌ಗೆ 7,65,000, ಇನ್‌ಸ್ಟಾಲೇಷನ್‌ಗೆ 51,000, ಎಎಂಸಿಗೆ 2,04,000. ಪ್ಲಾಂಟ್ ಮತ್ತು ಇನ್‌ಸ್ಟಾಲೇಷನ್ ಮುಗಿದಿದೆ, ಪೂರ್ತಿ ತೋರಿಸಿ. ಎಎಂಸಿಯನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ 8,500, ಮಾರ್ಚ್ 31ರವರೆಗೆ ಮೂರು ತಿಂಗಳಿಗೆ 25,500. ಈ ವರ್ಷದ ಆದಾಯ 8,41,500. ಬಿಲ್ ಮಾಡಿದ್ದರಲ್ಲಿ ಉಳಿದ 1,78,500 ಕಾಂಟ್ರಾಕ್ಟ್ ಲಯಬಿಲಿಟಿ. ಆ ಬಿಲ್‌ನ ದುಡ್ಡು ಕೈಗೆ ಬಂದಿದೆ ಅಥವಾ ವಾಯಿದೆಗೆ ಬಂದಿದೆ ಅಂತ ಇಟ್ಟುಕೊಂಡಿದ್ದೇನೆ. ಪಿಒ ಪ್ರಕಾರ ಹೋಗಿದ್ದರೆ 9,60,000ದ ಜೊತೆ 7,500 ಸೇರಿ 9,67,500 ಆಗುತ್ತಿತ್ತು, 1,26,000 ಜಾಸ್ತಿ. ಬಿಲ್ ಹಾಗೇ ಇರಲಿ, ಈ ಹಂಚಿಕೆ ಬುಕ್ಸ್‌ಗೆ ಮಾತ್ರ.

ನಾನು ಹಿಂದೆ ಇದ್ದ ಒಂದು ಕಡೆ ಪಿಒ ಪ್ರಕಾರವೇ ಹೋಗುತ್ತಿದ್ದೆವು. ಮೆಂಬ್ರೇನ್, ಫಿಲ್ಟರ್ ಬದಲಾಯಿಸಿದ ಖರ್ಚಿನ ಮುಂದೆ ಎಎಂಸಿ ಆದಾಯ ಎಷ್ಟು ಚಿಕ್ಕದಿತ್ತೆಂದರೆ ಸರ್ವಿಸ್ ವಿಭಾಗ ಪ್ರತಿ ತಿಂಗಳೂ ನಷ್ಟದಲ್ಲಿರುತ್ತಿತ್ತು, ಸೇಲ್ಸ್ ಮಾತ್ರ ಭರ್ಜರಿ ಲಾಭದಲ್ಲಿ. ಸರ್ವಿಸ್ ಮ್ಯಾನೇಜರ್‌ನನ್ನು ವರ್ಷಗಟ್ಟಲೆ ಬೈದಿದ್ದೇ ಬಂತು. ಆಡಿಟರ್ ಒಂದೇ ಪ್ರಶ್ನೆ ಕೇಳಿದರು, ರಿನ್ಯೂವಲ್‌ಗೆ ಎಷ್ಟು ತಗೋತೀರಿ ಅಂತ. ನಿಮ್ಮಲ್ಲೂ ಎಎಂಸಿ ಮಾರ್ಜಿನ್ ಮೊದಲ ಎರಡು ವರ್ಷ ನೆಗೆಟಿವ್, ರಿನ್ಯೂವಲ್ ಆದ ತಕ್ಷಣ ಪಾಸಿಟಿವ್ ಆಗುತ್ತಿದ್ದರೆ ಹಂಚಿಕೆ ತಪ್ಪಿದೆ ಅಂತ ಅನುಮಾನ ಪಡಿ.

ಸೇಲ್ಸ್‌ನವರು "ಡಿಸ್ಕೌಂಟ್ ಕೊಟ್ಟಿದ್ದು ಪ್ಲಾಂಟ್‌ಗಲ್ಲ, ಸರ್ವಿಸ್‌ಗೆ" ಅಂತಾರೆ, ಕಾಯ್ತಾ ಇರಿ. ಒಪ್ಪಬೇಕಾದರೆ ಮೂರನ್ನೂ ನೀವು ಬಿಡಿಬಿಡಿಯಾಗಿ ಮಾಮೂಲಾಗಿ ಮಾರುತ್ತಿರಬೇಕು, ಜೊತೆಗೆ ಇನ್‌ಸ್ಟಾಲೇಷನ್ ಮತ್ತು ಎಎಂಸಿ ಜೋಡಿಯನ್ನು ಇದೇ 1,80,000 ಡಿಸ್ಕೌಂಟಿಗೆ, ಅಂದರೆ 1,20,000ಕ್ಕೆ, ಮಾಮೂಲಾಗಿ ಮಾರುತ್ತಿರಬೇಕು. ನಿಮ್ಮ ಇನ್‌ಸ್ಟಾಲೇಷನ್ ಬಿಡಿಯಾಗಿ ಮಾರಿಲ್ಲ, ಅಲ್ವಾ? ಅಲ್ಲಿಗೆ ಮುಗೀತು.

ಮುಂದಿನ ವರ್ಷ ಎಎಂಸಿ ದರ 1,40,000 ಆದರೂ ಈ ಹಂಚಿಕೆ ಮುಟ್ಟಬೇಡಿ, ಒಪ್ಪಂದ ಶುರುವಾದ ದಿನದ ಬಿಡಿ ಬೆಲೆಗಳೇ ಕೊನೆತನಕ. ಒಪ್ಪಂದದ ಮೊತ್ತವೇ ಬದಲಾದರೆ, ಉದಾಹರಣೆಗೆ ಪಿಒದಲ್ಲಿ ಮೊದಲೇ ಇದ್ದ ಷರತ್ತಿನ ಪ್ರಕಾರ 20,000 ರಿಬೇಟ್ ಕೊಡಬೇಕಾಗಿ ಬಂದರೆ, ಅದೇ ಅನುಪಾತದಲ್ಲಿ ಪ್ಲಾಂಟ್‌ನಿಂದ 15,000, ಇನ್‌ಸ್ಟಾಲೇಷನ್‌ನಿಂದ 1,000, ಎಎಂಸಿಯಿಂದ 4,000 ಕಳೆಯಿರಿ. ಮುಗಿದ ಕೆಲಸದ ಪಾಲು ಆ ತಿಂಗಳೇ ಆದಾಯದಿಂದ ಹೋಗುತ್ತದೆ, ಎಎಂಸಿಯಲ್ಲಿ ಬಾಕಿ ಇರುವ ತಿಂಗಳುಗಳ ಪಾಲು ಮುಂದಕ್ಕೆ ಹೋಗುತ್ತದೆ.