ಗೆಳೆಯನ ತಾಯಿಗೆ ಬರೆಯಲಾಗದ ಪತ್ರ

(ಗುರುತು ಸಿಗದಂತೆ ಹೆಸರು, ಊರು, ಉದ್ಯೋಗಗಳನ್ನು ಬದಲಿಸಿದ್ದೇನೆ. ಪತ್ರದ ಸಾಲುಗಳನ್ನು ಇಲ್ಲಿ ಕೊಡಲು ಸಂಬಂಧಪಟ್ಟವರ ಒಪ್ಪಿಗೆ ಇದೆ.)

ಸುಹಾಸನಿಗೆ ಇಪ್ಪತ್ತೇಳು ವರ್ಷ. ಡಬ್ಲಿನ್‌ನಲ್ಲಿ ಕೆಲಸ. ಎಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದ ಗೆಳೆಯ ಗಿರೀಶ ಮಲೆನಾಡಿನ ತನ್ನ ಊರಿಗೆ ಹೋಗುವ ದಾರಿಯಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ. ಸುಹಾಸ ಆಪ್ತಸಮಾಲೋಚನೆಗೆಂದು ವಿಡಿಯೊ ಕರೆಯ ಮೂಲಕ ನನ್ನ ಬಳಿ ಬಂದಾಗ ಅದಾಗಿ ಏಳು ವಾರಗಳಾಗಿದ್ದವು. ಅಂತ್ಯಕ್ರಿಯೆಗೆ ಬರಲು ಅವನಿಗೆ ಆಗಿರಲಿಲ್ಲ. ಹದಿಮೂರನೆಯ ದಿನದ ಕಾರ್ಯವೂ ಮುಗಿದುಹೋಗಿತ್ತು. ವಿಷಯ ತಿಳಿದ ಸಹೋದ್ಯೋಗಿಯೊಬ್ಬಳು ಒಂದು ಸಂತಾಪದ ಕಾರ್ಡ್ ತಂದುಕೊಟ್ಟು, "ಅವನ ಅಮ್ಮನಿಗೆ ಬರೆದು ಕಳುಹಿಸು" ಎಂದಿದ್ದಳು. ಐರ್ಲೆಂಡ್‌ನಲ್ಲಿ ಸಾವಾದ ಮನೆಗೆ ಕಾರ್ಡ್ ಕಳುಹಿಸುವುದು ಸಾಮಾನ್ಯ ರೂಢಿ. ನಮ್ಮಲ್ಲಿ ಖುದ್ದಾಗಿ ಹೋಗಿ, ಸ್ವಲ್ಪ ಹೊತ್ತು ಕುಳಿತು, ಮಾತನಾಡಿಸಿಕೊಂಡು ಬರುತ್ತೇವೆ. ಹೋಗಲಾಗದವನಿಗೆ ಉಳಿದದ್ದು ಆ ಕಾರ್ಡ್ ಒಂದೇ. ಅದರ ಒಳಪುಟ ಇನ್ನೂ ಖಾಲಿ ಇತ್ತು.

"ನಮಸ್ಕಾರ ಎಂದು ಬರೆದ ಮೇಲೆ ಕೈ ಮುಂದಕ್ಕೆ ಹೋಗುವುದಿಲ್ಲ ಮೇಡಂ" ಎಂದ. ನಿದ್ರೆ ಕಡಿಮೆಯಾಗಿತ್ತು, ಆದರೆ ಊಟ, ಕೆಲಸ ನಡೆಯುತ್ತಿದ್ದವು. ಕುಡಿತ ಹೆಚ್ಚಾಗಿರಲಿಲ್ಲ. ಸಾಯಬೇಕೆಂಬ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದ. ದುಃಖದಲ್ಲಿರುವ ಯಾರನ್ನೇ ಆದರೂ ಈ ಪ್ರಶ್ನೆ ಕೇಳದೆ ಮುಂದುವರಿಯಬಾರದು. ಏಳು ವಾರಗಳ ಈ ಸಂಕಟವನ್ನು ಕಾಯಿಲೆ ಎನ್ನಲು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ವರ್ಗೀಕರಣದಲ್ಲಿ ದೀರ್ಘಕಾಲದ ಶೋಕದ ತೊಂದರೆ ಎಂದು ಗುರುತಿಸಲು ಕನಿಷ್ಠ 6 ತಿಂಗಳಾದರೂ ಕಳೆದಿರಬೇಕು. ಅವನು ಗೆಳೆಯನನ್ನು ಕಳೆದುಕೊಂಡಿದ್ದ, ಅಷ್ಟೇ. ಆದರೆ ಗೆಳೆಯನ ಸಾವಿಗೆ ಯಾರೂ ರಜೆ ಕೊಡುವುದಿಲ್ಲ, ಸೂತಕವೂ ಇಲ್ಲ, ಯಾರೂ ಬಂದು ಮಾತನಾಡಿಸುವುದೂ ಇಲ್ಲ. ಸಮಾಜ ಹೀಗೆ ಲೆಕ್ಕಕ್ಕೆ ತೆಗೆದುಕೊಳ್ಳದ ಶೋಕದ ಬಗ್ಗೆ ಶೋಕದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1980ರ ದಶಕದ ಕೊನೆಯಲ್ಲೇ ಬರೆದಿದ್ದಾರೆ. ಸುಹಾಸ ಅದನ್ನು ಒಬ್ಬನೇ ಅನುಭವಿಸುತ್ತಿದ್ದ.

ಬರೆದು ಬಿಟ್ಟ ಕರಡುಗಳು ಮೊಬೈಲ್‌ನಲ್ಲಿದ್ದವು. ಓದಿ ಹೇಳಲು ಕೇಳಿಕೊಂಡೆ. ಒಂದಷ್ಟು ಪತ್ರಿಕೆಯ ಶ್ರದ್ಧಾಂಜಲಿಯಂತಿದ್ದವು: ತುಂಬಲಾರದ ನಷ್ಟ, ದುಃಖ ಭರಿಸುವ ಶಕ್ತಿಯನ್ನು ಭಗವಂತ ಕರುಣಿಸಲಿ. ಇಂಥ ಒಂದು ಸಾಲು ಇದ್ದರೆ ದೋಷವೇನಿಲ್ಲ, ಹಿರಿಯರಿಗೆ ಅದು ಮರ್ಯಾದೆಯ ಮಾತಾಗಿಯೇ ಕೇಳಿಸುತ್ತದೆ. ಆದರೆ ಅದರಲ್ಲಿ ಗಿರೀಶ ಎಲ್ಲಿಯೂ ಇರಲಿಲ್ಲ. ಉಳಿದ ಕರಡುಗಳು ಇನ್ನೊಂದು ಬಗೆಯವು. "ನನಗೆ ನಂಬಲಾಗುತ್ತಿಲ್ಲ. ನಾನು ಬರಬೇಕಿತ್ತು. ನಾನು ಅವನ ಫೋನ್ ತೆಗೆಯಬೇಕಿತ್ತು. ನನ್ನನ್ನು ಕ್ಷಮಿಸಿ." ಈ ಸಾಲುಗಳಲ್ಲಿ ಯಾರ ಬಗ್ಗೆ ಹೇಳಿದೆ ಎಂದು ಗುರುತು ಹಾಕಲು ಹೇಳಿದೆ. ಪ್ರತಿ ಸಾಲಿನಲ್ಲೂ ಅವನೇ ಇದ್ದ. ಆಮೇಲೆ ಕೇಳಿದೆ: "ಇದನ್ನು ಓದಿದ ಮೇಲೆ ಅಮ್ಮ ಏನು ಮಾಡಬೇಕಾಗುತ್ತದೆ?" ಸ್ವಲ್ಪ ಹೊತ್ತು ಯೋಚಿಸಿ, "ನನ್ನನ್ನೇ ಸಮಾಧಾನ ಮಾಡಬೇಕಾಗುತ್ತದೆ" ಎಂದ.

ಸಂತಾಪದ ಪತ್ರ ಎಲ್ಲಿ ದಾರಿ ತಪ್ಪುತ್ತಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಮೇಲೆ ಇನ್ನೊಬ್ಬರನ್ನು ಕ್ಷಮಿಸುವ ಕೆಲಸವನ್ನು ಹೊರಿಸಬಾರದು.

ಹಾಗಾದರೆ ಕ್ಷಮೆ ಯಾವುದಕ್ಕೆ? ಎರಡನೆಯ ಭೇಟಿಯಲ್ಲಿ ಅದು ಹೊರಬಂತು. ಡಬ್ಲಿನ್‌ಗೆ ಹೊರಡುವಾಗ ಖರ್ಚಿಗೆಂದು ಗಿರೀಶ 85,000 ರೂಪಾಯಿ ಕೊಟ್ಟಿದ್ದ. ಸಾಲಪತ್ರವಿಲ್ಲ, ಬಡ್ಡಿಯಿಲ್ಲ. ಕೆಲಸ ಸಿಕ್ಕಿದ ಮೇಲೂ ಸುಹಾಸ ಹಿಂತಿರುಗಿಸಿರಲಿಲ್ಲ. ಮನೆ ಬಾಡಿಗೆ, ಮುಂಗಡ ಎಂದು ತಿಂಗಳು ಮುಂದೆ ಹೋಗುತ್ತಿತ್ತು. ನಾಚಿಕೆಯಿಂದ ಗಿರೀಶನ ಕರೆಗಳನ್ನು ತೆಗೆಯುವುದನ್ನೂ ಕಡಿಮೆ ಮಾಡಿದ್ದ. ಗಿರೀಶ ಆ ಹಣವನ್ನು ಒಮ್ಮೆಯೂ ಕೇಳಿರಲಿಲ್ಲ. ಮನೆಯವರಿಗೆ ವಿಷಯವೇ ಗೊತ್ತಿರಲಿಲ್ಲ. ಪತ್ರ ಬರೆಯಲು ಕುಳಿತರೆ ಮೊದಲು ನೆನಪಾಗುತ್ತಿದ್ದುದು ಆ ಹಣ. ಹೇಳಿದರೆ ಸಂತಾಪ ಲೆಕ್ಕದ ಮಾತಾಗುತ್ತದೆ, ಹೇಳದಿದ್ದರೆ ಬರೆದ ಪ್ರತಿ ಸಾಲೂ ಸುಳ್ಳೆನಿಸುತ್ತದೆ.

ಒಂದೇ ಹಾಳೆಯಲ್ಲಿ ಅವನು ಮೂರು ಕೆಲಸ ಮಾಡಲು ಹೊರಟಿದ್ದ. ಗಿರೀಶನ ಕ್ಷಮೆ ಕೇಳುವುದು, ಸಾಲ ಒಪ್ಪಿಕೊಳ್ಳುವುದು, ತಾಯಿಗೆ ಸಂತಾಪ ಹೇಳುವುದು. ಇವನ್ನು ಬೇರೆಬೇರೆ ಮಾಡುವುದೇ ನನ್ನ ಸಲಹೆಯಾಗಿತ್ತು.

ಕ್ಷಮೆ ಕೇಳಬೇಕಾದದ್ದು ಗಿರೀಶನನ್ನು. ಆದ್ದರಿಂದ ಮೊದಲು ಅವನಿಗೇ ಬರೆಯಬೇಕು, ಯಾರಿಗೂ ಕಳುಹಿಸದ ಪತ್ರ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ರೂಪಿಸಿದ ಒಂದು ಕ್ರಮವಿದೆ: ಸಾಲಾಗಿ ಕೆಲವು ದಿನ, ದಿನಕ್ಕೆ 15ರಿಂದ 20 ನಿಮಿಷ, ಕಾಗುಣಿತ ನೋಡದೆ, ನಿಲ್ಲಿಸದೆ ಬರೆಯುವುದು. ಬರೆದ ಕೂಡಲೇ ಮನಸ್ಸು ಹಗುರಾಗುವುದಿಲ್ಲ, ಆ ಸಂಜೆ ಇನ್ನಷ್ಟು ಭಾರವೆನಿಸಬಹುದು ಎಂದು ಮುಂಚೆಯೇ ಹೇಳಿದೆ. ಮಲಗುವ ಮುನ್ನ ಬೇಡ, ಬರೆದ ಮೇಲೆ ಒಂದು ಸುತ್ತು ನಡೆದು ಬಾ ಎಂದೆ. ತಡೆಯಲಾರದಷ್ಟು ಕಷ್ಟವಾದರೆ ಅಲ್ಲಿಗೇ ನಿಲ್ಲಿಸಬೇಕು. ಅವನು ನಾಲ್ಕು ದಿನ ಬರೆದ. ಮೂರನೆಯ ದಿನದ ಬರಹದಲ್ಲಿ ಕ್ಷಮೆಯ ಜೊತೆಗೆ ಸಿಟ್ಟೂ ಬಂದಿತ್ತು: "ಮಳೆಯಲ್ಲಿ ಬೈಕ್ ಓಡಿಸಬೇಡ ಎಂದು ಎಷ್ಟು ಸಲ ಹೇಳಿದ್ದೆ!" ಇದನ್ನು ಬರೆದದ್ದು ಸರಿಯೇ ಎಂದು ಅಳುಕಿದ. ಸರಿಯೇ. ಸತ್ತವರ ಮೇಲೆ ಸಿಟ್ಟು ಬರುತ್ತದೆ, ಅದರಿಂದ ಪ್ರೀತಿ ಕಡಿಮೆಯಾಗುವುದಿಲ್ಲ. ಆದರೆ ಅದು ತಾಯಿಯ ಕೈಗೆ ಹೋಗುವ ಮಾತಲ್ಲ.

ಸಾಲದ ವಿಷಯದಲ್ಲಿ ಅವನು ಇನ್ನೂ ಗೊಂದಲದಲ್ಲಿದ್ದ. ಗಿರೀಶನ ತಂದೆ ಮೊದಲೇ ತೀರಿಕೊಂಡಿದ್ದರು, ಮನೆಯಲ್ಲಿ ತಾಯಿ ಮತ್ತು ತಂಗಿ. "ಸಹಾಯವೆಂದು ತಿಂಗಳಿಗಿಷ್ಟು ಕಳುಹಿಸಿದರೆ ಸಾಲದೇ, ಸಾಲ ಎಂದು ಯಾಕೆ ಹೇಳಬೇಕು?" ಎಂದು ಕೇಳಿದ. ಇದಕ್ಕೆ ನಾನು ಒಪ್ಪಲಿಲ್ಲ. ಮದುವೆಯಾಗದೆ, ಉಯಿಲು ಬರೆಯದೆ ಮಗ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿಯೇ ಮೊದಲ ವರ್ಗದ ವಾರಸುದಾರಳು. ತಂಗಿ ಎರಡನೆಯ ವರ್ಗಕ್ಕೆ ಸೇರುತ್ತಾಳೆ. ಅಂದರೆ ಆ 85,000 ರೂಪಾಯಿ ಈಗ ಆ ತಾಯಿಯ ಹಣ. ಅವಳದೇ ಹಣವನ್ನು ಸಹಾಯವೆಂದು ಕೊಟ್ಟರೆ ಅವಳು ಜೀವಮಾನವಿಡೀ ಅವನಿಗೆ ಋಣಿಯಾಗಿರಬೇಕಾಗುತ್ತದೆ. ಮಗ ಒಬ್ಬ ಗೆಳೆಯನಿಗೆ ಕೇಳದೆ ಕೊಟ್ಟು, ಒಮ್ಮೆಯೂ ವಾಪಸು ಕೇಳದೆ ಇದ್ದ ಎಂಬ ಸಂಗತಿಯೂ ಅವಳಿಗೆ ತಿಳಿಯದೆ ಹೋಗುತ್ತದೆ. ಹೇಳಬೇಕು, ಆದರೆ ಈ ಕಾರ್ಡಿನಲ್ಲಿ ಬೇಡ. ಕಾರ್ಡ್ ತಲುಪಿದ ಎರಡು ವಾರಗಳೊಳಗೆ ತಂಗಿಗೆ ಕರೆ ಮಾಡಿ, ಹಣ ಬಂದ ದಿನಾಂಕದ ಬ್ಯಾಂಕ್ ವಿವರ ಕಳುಹಿಸಿ, ತಾಯಿಯ ಖಾತೆಗೆ ಪೂರ್ತಿ ಹಣ ಹಾಕುವುದು ಎಂದು ದಿನ ಗೊತ್ತು ಮಾಡಿದೆವು. ದಿನ ಗೊತ್ತಾದ ಮೇಲೆ ಪತ್ರದಲ್ಲಿ ಆ ಹಣದ ಕಾಟ ಕಡಿಮೆಯಾಯಿತು.

ಇನ್ನು ಪತ್ರ. ಆ ತಾಯಿಗೆ ನೀನು ಮಾತ್ರ ಕೊಡಬಹುದಾದದ್ದು ಏನಿದೆ ಎಂದು ಕೇಳಿದೆ. ಪಿಯುಸಿಯವರೆಗಿನ ಗಿರೀಶನನ್ನು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಹಾಸ್ಟೆಲ್‌ಗೆ ಹೋದ ಮೇಲಿನ ಮಗನನ್ನು ಅವಳು ಕಂಡದ್ದು ರಜೆಯಲ್ಲಿ ಮಾತ್ರ. ಆ ನಾಲ್ಕು ವರ್ಷ ಸುಹಾಸನ ಬಳಿ ಇವೆ. ಅವನು ಹೇಳುತ್ತ ಹೋದ, ನಾನು ಬರೆದುಕೊಂಡೆ. ಗಿರೀಶ ಒಬ್ಬ ಹುಡುಗಿಯನ್ನು ಇಷ್ಟಪಟ್ಟದ್ದು, ಒಂದು ವಿಷಯದಲ್ಲಿ ನಪಾಸಾಗಿ ಮನೆಯಲ್ಲಿ ಹೇಳದೆ ಇದ್ದದ್ದು ಎಲ್ಲವೂ ಬಂದವು. ಇವು ಗಿರೀಶ ತಾನಾಗಿ ತಾಯಿಗೆ ಹೇಳಿರಲಿಲ್ಲ. ಅವನಿಲ್ಲ ಎಂಬ ಕಾರಣಕ್ಕೆ ಅವನ ಪರವಾಗಿ ನಾವು ಹೇಳುವುದು ಸರಿಯಲ್ಲ ಎಂದು ಬಿಟ್ಟೆವು. ಉಳಿದವುಗಳಲ್ಲಿ ಎರಡು ಸಾಕಾದವು.

ಕೆಲವು ಸಾಲುಗಳನ್ನು ತೆಗೆಯಲು ಹೇಳಿದೆ. "ಇನ್ನು ಮುಂದೆ ನಾನೇ ನಿಮ್ಮ ಮಗ" ಎಂಬುದು ಒಂದು. ನಮ್ಮಲ್ಲಿ ಪ್ರೀತಿಯಿಂದ ಆಡುವ ಮಾತದು, ಆದರೂ ನನಗೆ ಅದರ ಬಗ್ಗೆ ಭಯ. ಮಗನ ಜಾಗಕ್ಕೆ ಇಷ್ಟು ಬೇಗ ಇನ್ನೊಬ್ಬರು ಬಂದು ನಿಲ್ಲುವುದು ತಾಯಿಗೆ ನೋವಾಗಬಹುದು. ದೂರದ ದೇಶದಲ್ಲಿರುವವನು ಅದನ್ನು ನಡೆಸಿಕೊಡುವುದೂ ಕಷ್ಟ. "ಧೈರ್ಯ ತಂದುಕೊಳ್ಳಿ" ಬೇಡ, ಅವಳು ಅಳುತ್ತಿದ್ದರೆ ಅದು ತಪ್ಪೆಂದು ಹೇಳಿದಂತಾಗುತ್ತದೆ. ಅಪಘಾತ ಹೇಗಾಯಿತೆಂಬ ಮಾತೂ ಬೇಡ. ಆ ತಾಯಿ ಏಳನೆಯ ತರಗತಿಯವರೆಗೆ ಓದಿದವರು, ತಂಗಿ ಓದಿ ಹೇಳುವ ಸಂಭವವೇ ಹೆಚ್ಚು. ಪಕ್ಕದ ಮನೆಯವರೂ ಕೇಳಿಸಿಕೊಳ್ಳುತ್ತಿರಬಹುದು. ಆದ್ದರಿಂದ ಗಟ್ಟಿಯಾಗಿ ಓದಿದಾಗ ಹತ್ತು ಜನ ಕೇಳಿದರೂ ಅಳುಕಾಗದಂತೆ ಇರಲಿ ಎಂದೆ. ಹತ್ತನೆಯ ತರಗತಿಯ ನಂತರ ಅವನು ಕನ್ನಡವನ್ನು ಕೈಯಲ್ಲಿ ಬರೆದಿರಲೇ ಇಲ್ಲ, ಒತ್ತಕ್ಷರ ತಪ್ಪುತ್ತಿದ್ದವು. ಮೊಬೈಲ್‌ನಲ್ಲಿ ಟೈಪ್ ಮಾಡಿಕೊಂಡು, ನೋಡಿ ದಪ್ಪಕ್ಷರದಲ್ಲಿ ನಕಲು ಮಾಡಲಿ ಎಂದು ತೀರ್ಮಾನಿಸಿದೆವು.

ಕಾರ್ಡಿನಲ್ಲಿ ಕೊನೆಗೆ ಇದ್ದದ್ದು ಇಷ್ಟು:

"ಅಮ್ಮನಿಗೆ ಸುಹಾಸ ಮಾಡುವ ನಮಸ್ಕಾರಗಳು.

ಗಿರೀಶ ಹೋದ ಸುದ್ದಿ ತಿಳಿದಾಗಿನಿಂದ ದಿನವೂ ನಿಮ್ಮನ್ನೂ ಪುಟ್ಟಿಯನ್ನೂ ನೆನೆಯುತ್ತಿದ್ದೇನೆ. ಆಗ ಬರಲಾಗಲಿಲ್ಲ. ಹಾಸ್ಟೆಲ್‌ನಲ್ಲಿ ಅವನು ಹೇಗಿದ್ದ ಎಂದು ನಿಮಗೆ ಹೇಳಬೇಕೆನಿಸಿತು.

ನೀವು ಕಳುಹಿಸುತ್ತಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಬಂದ ದಿನವೇ ಎಲ್ಲರಿಗೂ ಹಂಚುತ್ತಿದ್ದ. ಒಂದು ಸಣ್ಣ ಡಬ್ಬಿಯನ್ನು ಮಾತ್ರ ಬಟ್ಟೆಗಳ ಅಡಿಯಲ್ಲಿ ಬಚ್ಚಿಟ್ಟು, ಪರೀಕ್ಷೆಯ ದಿನಗಳಲ್ಲಿ ತೆಗೆಯುತ್ತಿದ್ದ. 'ಅಮ್ಮನ ಕೈಯದು ಸೇರಿದರೆ ಮೆಸ್ಸಿನ ಅನ್ನವೂ ಊಟವಾಗುತ್ತದೆ' ಎನ್ನುತ್ತಿದ್ದ.

ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದವರ ಮಗಳು ಏಳನೆಯ ತರಗತಿಯಲ್ಲಿದ್ದಳು. ಅವಳಿಗೆ ಎರಡು ವರ್ಷ ಸಂಜೆ ಲೆಕ್ಕ ಹೇಳಿಕೊಟ್ಟ. ನಮಗೆ ಪರೀಕ್ಷೆ ಇದ್ದಾಗಲೂ ತಪ್ಪಿಸಲಿಲ್ಲ. ಇದನ್ನು ಅವನು ಮನೆಯಲ್ಲಿ ಹೇಳಿಕೊಂಡಿರಲಾರ ಎಂದುಕೊಂಡಿದ್ದೇನೆ.

ಇದಕ್ಕೆ ಉತ್ತರ ಬರೆಯಬೇಕೆಂದಿಲ್ಲ. ಡಿಸೆಂಬರ್ ಕೊನೆಯ ವಾರ ಊರಿಗೆ ಬಂದಾಗ ನಿಮ್ಮನ್ನು ಕಾಣುತ್ತೇನೆ. ಅದಕ್ಕೆ ಮುಂಚೆ ಪುಟ್ಟಿಗೆ ಫೋನ್ ಮಾಡುತ್ತೇನೆ.

ಇತಿ, ಸುಹಾಸ."

ಗಿರೀಶನ ಹೆಸರನ್ನು ಬರೆದದ್ದು ನೋವು ಕೆದಕಿದಂತಾಗುವುದಿಲ್ಲವೇ ಎಂದು ಅವನಿಗೆ ಸಂಶಯವಿತ್ತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರು ನನ್ನ ಬಳಿ ಹೇಳಿಕೊಂಡದ್ದು ಬಹುಮಟ್ಟಿಗೆ ಇದಕ್ಕೆ ವಿರುದ್ಧ: ಎಲ್ಲರೂ ಹೆಸರೆತ್ತುವುದನ್ನೇ ನಿಲ್ಲಿಸಿದರು ಎಂಬುದೇ ಅವರ ಕೊರಗು. ತಡವಾಯಿತೆಂಬ ಅಳುಕೂ ಇತ್ತು. ಹದಿಮೂರು ದಿನ ಮನೆ ತುಂಬ ಜನರಿರುತ್ತಾರೆ. ಅವರೆಲ್ಲ ಹೊರಟುಹೋದ ಮೇಲೆ, ಎರಡು ಮೂರು ತಿಂಗಳಿಗೆ ಬರುವ ಪತ್ರಕ್ಕೆ ಆ ಮನೆಯಲ್ಲಿ ಬಿಡುವೂ ಇರುತ್ತದೆ, ಅಗತ್ಯವೂ ಇರುತ್ತದೆ.

ಕಾರ್ಡ್ ತಲುಪಿತು. ತಂಗಿಯೇ ಸಂದೇಶ ಕಳುಹಿಸಿದಳು: ಅಮ್ಮ ಎರಡು ಸಲ ಓದಿಸಿಕೊಂಡರು, ಆ ಮೆಸ್ಸಿನ ಹುಡುಗಿ ಈಗ ಏನು ಓದುತ್ತಿದ್ದಾಳೆ ಎಂದು ಕೇಳುತ್ತಿದ್ದಾರೆ. ಸುಹಾಸನಿಗೆ ಅದು ಗೊತ್ತಿರಲಿಲ್ಲ, ಹಳೆಯ ವಾರ್ಡನ್ ಮೂಲಕ ವಿಚಾರಿಸುತ್ತಿದ್ದಾನೆ. ಗೊತ್ತುಮಾಡಿದ ದಿನವೇ ತಂಗಿಗೆ ಕರೆ ಮಾಡಿ ಸಾಲದ ವಿಷಯ ಹೇಳಿದ, ಹಣವನ್ನೂ ಹಾಕಿದ. ತಾಯಿಯ ಜೊತೆ ಫೋನಿನಲ್ಲಿ ಮಾತನಾಡುವುದು ಅವನಿಂದ ಇನ್ನೂ ಆಗಿಲ್ಲ. ಸದ್ಯದ ಭೇಟಿಗಳಲ್ಲಿ ಅದಕ್ಕೇ ತಯಾರಿ ನಡೆಸುತ್ತಿದ್ದೇವೆ: ಆ ಕಡೆಯಿಂದ ಅಳು ಕೇಳಿಸಿದರೆ ಮಾತು ಬದಲಿಸದೆ, ಫೋನ್ ಇಡದೆ, ಅವರ ಜೊತೆ ಇರುವುದು ಹೇಗೆ ಎಂದು.